ಡಾಕ್ಟರ ಚೀಟಿಯಲ್ಲಿ ಮೈನಸ್, ಅಂಗಡಿ ಕಾರ್ಡಿನಲ್ಲಿ ಪ್ಲಸ್: ಅಮ್ಮನ ಕನ್ನಡಕದ ನಂಬರ್ ಯಾವುದು ಸರಿ?

ಸಾಗರದ_ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಕನ್ನಡಕದ ವಿಷಯ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ.

ಅಮ್ಮನಿಗೆ 61 ವರ್ಷ. ಇಷ್ಟು ದಿನ ಮಾರಿ ಜಾತ್ರೆಯಲ್ಲಿ ಕೊಂಡ ರೆಡಿಮೇಡ್ ಕನ್ನಡಕ ಹಾಕಿಕೊಂಡೇ ಪೇಪರ್ ಓದುತ್ತಿದ್ದರು. ಈಚೆಗೆ ದೂರದ್ದೂ ಮಸುಕು ಅನ್ನಲು ಶುರು ಮಾಡಿದರು. ಬಸ್ಸಿನ ಬೋರ್ಡ್ ಹತ್ತಿರ ಬರುವ ತನಕ ಓದಲು ಆಗುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಂಡು ಬಂದೆವು. ಕನ್ನಡಕ ಮಾತ್ರ ಊರಿನ ಹತ್ತಿರವೇ ಮಾಡಿಸಿದೆವು, ಬೈಫೋಕಲ್. ಅದರ ಜೊತೆ ಅಂಗಡಿಯವರು ಒಂದು ಕಾರ್ಡ್ ಕೊಟ್ಟಿದ್ದಾರೆ. ನಿನ್ನೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಾಲೂ ಹೊಂದುತ್ತಿಲ್ಲ.

```
ಡಾಕ್ಟರ ಚೀಟಿ
            ಸ್ಫಿಯರ್   ಸಿಲಿಂಡರ್   ಆಕ್ಸಿಸ್
ಬಲ          -1.00    +1.50     10
ಎಡ          -0.50    +0.75     170
ಆ್ಯಡ್        +2.25, ಎರಡೂ ಕಣ್ಣಿಗೆ

ಅಂಗಡಿ ಕಾರ್ಡ್
ದೂರ ಬಲ      +0.50    -1.50     100
ದೂರ ಎಡ      +0.25    -0.75     80
ಹತ್ತಿರ ಬಲ    +2.75    -1.50     100
ಹತ್ತಿರ ಎಡ    +2.50    -0.75     80
```

ಡಾಕ್ಟರು ಮೈನಸ್ ಬರೆದ ಕಡೆ ಇವರು ಪ್ಲಸ್ ಹಾಕಿದ್ದಾರೆ, ಪ್ಲಸ್ ಬರೆದ ಕಡೆ ಮೈನಸ್ ಹಾಕಿದ್ದಾರೆ. ಆಕ್ಸಿಸ್ ಅಂತೂ ಪೂರ್ತಿ ಬೇರೆ. ಓದುವ ಪವರ್ 2.25 ಇದ್ದದ್ದು 2.75 ಆಗಿದೆ. ಅಂಗಡಿಗೆ ಫೋನ್ ಮಾಡಿದರೆ "ಎರಡೂ ಒಂದೇ ಮೇಡಂ" ಅಂದು ಇಟ್ಟುಬಿಟ್ಟರು. ಒಂದೇ ಹೇಗಾಗುತ್ತದೆ? ಅಮ್ಮ ಬೇರೆ ಹೊಸ ಕನ್ನಡಕ ಹಾಕಿಕೊಂಡು ಜಗಲಿ ಮೆಟ್ಟಿಲು ಇಳಿಯಲು ಹೆದರುತ್ತಿದ್ದಾರೆ. ಮೆಟ್ಟಿಲು ಸರಿಯಾಗಿ ಕಾಣಲ್ಲ ಅಂತಾರೆ.

ಭದ್ರಾವತಿ_ರಾಜು

ಅಕ್ಕ, ಇದು ಅಂಗಡಿಯವರ ತಪ್ಪೇ. ಪ್ಲಸ್ ಅಂದರೆ ಓದುವ ಕನ್ನಡಕ, ಮೈನಸ್ ಅಂದರೆ ದೂರ ನೋಡುವ ಕನ್ನಡಕ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಿಮ್ಮ ತಾಯಿಗೆ ದೂರ ಮಸುಕು ಅಂದಮೇಲೆ ಮೈನಸ್ಸೇ ಬರಬೇಕು. ಡಾಕ್ಟರು ಬರೆದದ್ದು ಸರಿ ಇದೆ.

ಇನ್ನೊಂದು ವಿಷಯ. ಚೀಟಿಯಲ್ಲಿ 10ರ ಮೇಲೆ ಡಿಗ್ರಿಯ ಸಣ್ಣ ಸೊನ್ನೆ ಇದೆಯಾ ನೋಡಿ. ಅದನ್ನು ಅಂಗಡಿಯವರು ಇನ್ನೊಂದು ಸೊನ್ನೆ ಅಂದುಕೊಂಡು 100 ಮಾಡಿರುತ್ತಾರೆ. ನಮ್ಮ ದೊಡ್ಡಪ್ಪನ ಕನ್ನಡಕದಲ್ಲಿ ಹೀಗೇ ಆಗಿತ್ತು.

ಸಾಗರದ_ಮಲ್ಲಿಗೆ

ಅಯ್ಯೋ, ಹೌದು! 10ರ ಮೇಲೆ ಸಣ್ಣ ಸೊನ್ನೆ ಇದೆ. ನಾಳೆಯೇ ಹೋಗಿ ಕನ್ನಡಕ ವಾಪಸ್ ಕೊಡ್ತೀನಿ.

ಲೆನ್ಸ್_ಮತ್ತು_ಫ್ರೇಮ್

ಮಲ್ಲಿಗೆಯವರೇ, ವಾಪಸ್ ಕೊಡುವ ಮೊದಲು ಇದನ್ನು ಓದಿ. ನಾನು ಶಿವಮೊಗ್ಗದಲ್ಲಿ ಆಪ್ಟೊಮೆಟ್ರಿಸ್ಟ್. ಇಂಥ ಎರಡು ಚೀಟಿ ಹಿಡಿದುಕೊಂಡು ಗಾಬರಿಯಿಂದ ಬರುವವರನ್ನು ತುಂಬಾ ನೋಡಿದ್ದೇನೆ.

ರಾಜು ಅವರು ಹೇಳಿದ ಡಿಗ್ರಿ ಸೊನ್ನೆಯ ಅಪಾಯ ನಿಜ. ಅದಕ್ಕೇ ಆ ಗುರುತು ಹಾಕಬೇಡಿ ಅಂತ ನಮಗೆ ಕಲಿಸುತ್ತಾರೆ. ಆದರೆ ಇಲ್ಲಿ ಆಗಿರುವುದು ಅದಲ್ಲ. ಎಡಗಣ್ಣು ನೋಡಿ. ಅಲ್ಲಿ 170 ಇದ್ದದ್ದು 80 ಆಗಿದೆ. ಯಾವ ಸೊನ್ನೆಯನ್ನು ಹೇಗೆ ತಪ್ಪು ಓದಿದರೂ 170 ಹೋಗಿ 80 ಆಗಲ್ಲ. ಎರಡೂ ಕಣ್ಣಲ್ಲಿ ಆಕ್ಸಿಸ್ ಸರಿಯಾಗಿ 90 ಸರಿದಿದೆ. ಸಿಲಿಂಡರ್ ಅಂಕಿ ಹಾಗೇ ಉಳಿದು ಚಿಹ್ನೆ ಮಾತ್ರ ತಿರುಗಿದೆ. ಇನ್ನು ಸ್ಫಿಯರ್. ಡಾಕ್ಟರ ಸ್ಫಿಯರ್‌ಗೆ ಅವರದೇ ಸಿಲಿಂಡರ್ ಕೂಡಿ ನೋಡಿ. ಬಲಕ್ಕೆ -1.00 ಮತ್ತು +1.50 ಸೇರಿ +0.50. ಎಡಕ್ಕೆ -0.50 ಮತ್ತು +0.75 ಸೇರಿ +0.25. ಕಾರ್ಡಿನಲ್ಲಿ ಇರುವುದು ಅದೇ.

ಮೂರೂ ಬದಲಾವಣೆ ಒಟ್ಟಿಗೆ, ಎರಡೂ ಕಣ್ಣಲ್ಲಿ, ಒಂದೇ ಲೆಕ್ಕದಲ್ಲಿ ಬಂದಿವೆ. ಕಣ್ತಪ್ಪಿನಿಂದ ಹೀಗಾಗಲ್ಲ. ಒಂದೇ ಲೆನ್ಸನ್ನು ಎರಡು ರೀತಿಯಲ್ಲಿ ಬರೆಯಬಹುದು. ಡಾಕ್ಟರು ಪ್ಲಸ್ ಸಿಲಿಂಡರ್‌ನಲ್ಲಿ ಬರೆದಿದ್ದಾರೆ, ಅಂಗಡಿಯವರು ಮೈನಸ್ ಸಿಲಿಂಡರ್‌ಗೆ ತಿರುಗಿಸಿದ್ದಾರೆ. ಚೀಟಿ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸರಿ. ಫೋನಿನಲ್ಲಿ ಇಷ್ಟನ್ನು ಬಿಡಿಸಿ ಹೇಳಬಹುದಿತ್ತು, ಅದು ಬೇರೆ ಮಾತು.

ಭದ್ರಾವತಿ_ರಾಜು

ಸರ್, ಮೈನಸ್ ಒಂದು ಮತ್ತು ಪ್ಲಸ್ ಅರ್ಧ ಒಂದೇ ಲೆನ್ಸ್ ಅಂದರೆ ನಂಬೋದು ಹೇಗೆ? ಮೈನಸ್ ಲೆನ್ಸ್ ನಡುವೆ ತೆಳ್ಳಗೆ, ಪ್ಲಸ್ ಲೆನ್ಸ್ ನಡುವೆ ದಪ್ಪ. ಎರಡೂ ಒಟ್ಟಿಗೆ ಹೇಗಿರುತ್ತೆ?

ಲೆನ್ಸ್_ಮತ್ತು_ಫ್ರೇಮ್

ಒಳ್ಳೆಯ ಪ್ರಶ್ನೆ. ನೀವು ಮೊದಲು ಹೇಳಿದ ನಿಯಮ ಸಿಲಿಂಡರ್ ಇಲ್ಲದ ಚೀಟಿಗೆ ಸುಮಾರಾಗಿ ಸರಿ. ದೂರದ ಸಾಲಿನಲ್ಲಿ ಬರೀ -2.00 ಇದ್ದರೆ ಆ ಕಣ್ಣಿಗೆ ಅರ್ಧ ಮೀಟರ್ ತನಕ ಚೆನ್ನಾಗಿ ಕಾಣುತ್ತೆ, ಅದರಾಚೆ ಮಸುಕು. ಬರೀ +2.00 ಇದ್ದರೆ ಕಣ್ಣು ಒಳಗಿನಿಂದ ಹೆಚ್ಚು ಶ್ರಮ ಹಾಕಬೇಕು, ಹತ್ತಿರದ್ದು ಮೊದಲು ತೊಂದರೆ ಕೊಡುತ್ತೆ, ವಯಸ್ಸಾದ ಮೇಲೆ ದೂರದ್ದೂ ಕೊಡುತ್ತೆ. ಆದರೆ ಪಕ್ಕದಲ್ಲಿ ಸಿಲಿಂಡರ್ ಇದ್ದಾಗ ಸ್ಫಿಯರಿನ ಚಿಹ್ನೆ ಒಂದನ್ನೇ ನೋಡಿ ಏನೂ ಹೇಳಲು ಬರಲ್ಲ.

ಸಿಲಿಂಡರ್ ಅಂದರೆ ಏನು ಅಂತ ತಿಳಿಯಲು ಹಳೇ ಮನೆಯ ಮಾಡಿನ ನಾಡಹೆಂಚು ನೆನಪು ಮಾಡಿಕೊಳ್ಳಿ. ಅದು ಅಡ್ಡಕ್ಕೆ ಬಾಗಿರುತ್ತೆ, ಉದ್ದಕ್ಕೆ ನೇರ ಇರುತ್ತೆ. ಸಿಲಿಂಡರ್ ಲೆನ್ಸೂ ಹಾಗೇ. ಬಾಗಿದ ದಿಕ್ಕಿನಲ್ಲಿ ಮಾತ್ರ ಪವರ್, ನೇರ ದಿಕ್ಕಿನಲ್ಲಿ ಸೊನ್ನೆ. ಹೆಂಚಿನ ಉದ್ದ ಯಾವ ಕಡೆಗಿದೆ ಅಂತ ಹೇಳುವ ಅಂಕಿಯೇ ಆಕ್ಸಿಸ್.

ಈಗ ಬಲಗಣ್ಣು. ಡಾಕ್ಟರ ಚೀಟಿ ಹೇಳುವುದು ಇಷ್ಟು: ಎಲ್ಲಾ ದಿಕ್ಕಿಗೂ -1.00 ಹಾಕು, ಅದರ ಮೇಲೆ +1.50 ಹೆಂಚನ್ನು 10 ಡಿಗ್ರಿಗೆ, ಅಂದರೆ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿಸು. ಹೆಂಚಿನ ಉದ್ದಕ್ಕೆ ಅದರ ಪವರ್ ಸೇರಲ್ಲ. ಅಲ್ಲಿ -1.00 ಉಳಿಯುತ್ತೆ. ಹೆಂಚಿನ ಅಡ್ಡಕ್ಕೆ, ಅಂದರೆ 100 ಡಿಗ್ರಿಯ ದಿಕ್ಕಿನಲ್ಲಿ, ಪೂರ್ತಿ ಸೇರಿ +0.50 ಆಗುತ್ತೆ.

ಅಂಗಡಿ ಕಾರ್ಡ್ ಹೇಳುವುದು ಬೇರೆ: ಎಲ್ಲಾ ದಿಕ್ಕಿಗೂ +0.50 ಹಾಕು, ಅದರ ಮೇಲೆ -1.50 ಹೆಂಚನ್ನು 100 ಡಿಗ್ರಿಗೆ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸು. ಉದ್ದಕ್ಕೆ, ಅಂದರೆ 100ರಲ್ಲಿ, +0.50 ಉಳಿಯಿತು. ಅಡ್ಡಕ್ಕೆ, ಅಂದರೆ 10ರಲ್ಲಿ, -1.50 ಸೇರಿ -1.00 ಆಯಿತು.

ಎರಡೂ ಕಡೆ 10ರಲ್ಲಿ -1.00, 100ರಲ್ಲಿ +0.50. ಸಿಕ್ಕಿದ್ದು ಅದೇ ಲೆನ್ಸ್. ಅದು ಒಂದು ದಿಕ್ಕಿನಲ್ಲಿ ಮೈನಸ್, ಇನ್ನೊಂದು ದಿಕ್ಕಿನಲ್ಲಿ ಪ್ಲಸ್. ಅವರ ತಾಯಿಯ ಕಣ್ಣಿಗೆ ಬೇಕಾಗಿರುವುದೇ ಅದು.

ತುಂಗಾತೀರದ_ಮೇಷ್ಟ್ರು

ತೀರ್ಥಹಳ್ಳಿಯಿಂದ, ನಿವೃತ್ತ ಗಣಿತ ಮೇಷ್ಟ್ರು. ಈ ಲೆಕ್ಕ ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಮಾಡಲು ಮೂರೇ ಹೆಜ್ಜೆ. ಸ್ಫಿಯರ್‌ಗೆ ಸಿಲಿಂಡರನ್ನು ಚಿಹ್ನೆ ಸಮೇತ ಕೂಡಿ. ಸಿಲಿಂಡರಿನ ಚಿಹ್ನೆ ತಿರುಗಿಸಿ. ಆಕ್ಸಿಸ್ 90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 90 ಕೂಡಿ, 90 ದಾಟಿದ್ದರೆ 90 ಕಳೆಯಿರಿ. ಅದೇ ಹೆಜ್ಜೆಗಳನ್ನು ಇನ್ನೊಮ್ಮೆ ಮಾಡಿದರೆ ಹೊರಟ ಜಾಗಕ್ಕೇ ವಾಪಸ್ ಬರಬೇಕು. ಲೆಕ್ಕ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಅದೇ ಸಾಕು. ಮಲ್ಲಿಗೆ, ನೀವೇ ಕಾರ್ಡಿನಿಂದ ಹಿಂದಕ್ಕೆ ಮಾಡಿ ನೋಡಿ ತಾಯಿ.

ಇನ್ನೊಂದು ಸಣ್ಣ ವಿಷಯ. ಈ ಸಿಲಿಂಡರ್ ಲೆನ್ಸನ್ನು ಕಣ್ಣಿಗೆ ಬಳಸಿದವರಲ್ಲಿ ಮೊದಲಿಗರು ಜಾರ್ಜ್ ಏರಿ ಅನ್ನುವ ಇಂಗ್ಲೆಂಡಿನ ಖಗೋಳ ವಿಜ್ಞಾನಿ. 1825ರ ಹೊತ್ತಿಗೆ, ತಮ್ಮದೇ ಎಡಗಣ್ಣಿಗೆ ತಾವೇ ಲೆಕ್ಕ ಹಾಕಿ ಮಾಡಿಸಿಕೊಂಡರು. ನಕ್ಷತ್ರದ ಲೆಕ್ಕ ಹಾಕುವವರಿಗೆ ತಮ್ಮ ಕಣ್ಣಿನ ಲೆಕ್ಕವೂ ಸಿಕ್ಕಿತು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಸಾಗರದ_ಮಲ್ಲಿಗೆ

ಮಾಡಿದೆ ಮೇಷ್ಟ್ರೇ. ಬಲಕ್ಕೆ +0.50 ಮತ್ತು -1.50 ಸೇರಿ -1.00. ಚಿಹ್ನೆ ತಿರುಗಿಸಿದರೆ +1.50. 100ರಲ್ಲಿ 90 ಕಳೆದರೆ 10. ಡಾಕ್ಟರು ಬರೆದದ್ದೇ ಬಂತು! ಎಡಗಣ್ಣಿಗೂ ಬಂತು. ಅರ್ಧ ಭಾರ ಇಳಿಯಿತು.

ಆದರೆ ಓದುವ ಪವರ್? 2.25 ಮತ್ತು 2.75 ಒಂದೇ ಅಲ್ವಲ್ಲ?

ಲೆನ್ಸ್_ಮತ್ತು_ಫ್ರೇಮ್

ಡಾಕ್ಟರು ಬರೆದದ್ದು ಆ್ಯಡ್. ದೂರದ ಪವರ್ ಮೇಲೆ ಓದಲು ಇನ್ನೆಷ್ಟು ಸೇರಿಸಬೇಕು ಅನ್ನುವುದು ಅಷ್ಟೇ. ಕಾರ್ಡಿನ ಹತ್ತಿರದ ಸಾಲಿನಲ್ಲಿ ಇರುವುದು ಸೇರಿಸಿ ಆದ ಮೇಲಿನ ಒಟ್ಟು. +0.50ಕ್ಕೆ 2.25 ಸೇರಿಸಿದರೆ +2.75. ಎಡಕ್ಕೆ +0.25ಕ್ಕೆ ಸೇರಿಸಿದರೆ +2.50. ಆ್ಯಡ್ ಸೇರುವುದು ಸ್ಫಿಯರ್‌ಗೆ ಮಾತ್ರ, ಸಿಲಿಂಡರ್ ಮತ್ತು ಆಕ್ಸಿಸ್ ಹಾಗೇ ಉಳಿಯುತ್ತವೆ.

ಇಲ್ಲಿ ಒಂದು ಎಚ್ಚರ ಬೇಕು. ಮುಂದಿನ ಸಲ ಬೇರೆ ಅಂಗಡಿಗೆ ಈ ಕಾರ್ಡ್ ಕೊಟ್ಟಾಗ ಯಾರಾದರೂ +2.75ನ್ನು ಆ್ಯಡ್ ಅಂದುಕೊಂಡರೆ ಓದುವ ಭಾಗ ಅರ್ಧ ಪಾಯಿಂಟ್ ಜಾಸ್ತಿಯಾಗುತ್ತೆ. ಆಗ ಪೇಪರನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮಾತ್ರ ಕಾಣುತ್ತೆ. ಅದಕ್ಕೆ ಯಾವಾಗಲೂ ಡಾಕ್ಟರ ಚೀಟಿಯನ್ನೇ ಕೊಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸನಗರದ_ಹುಡುಗ

ನಡುವೆ ಬಂದೆ, ಕ್ಷಮಿಸಿ. ನನ್ನ ತಂಗಿ ಪಿಯುಸಿ ಓದ್ತಿದ್ದಾಳೆ. ಅವಳಿಗೆ ಸಿಲಿಂಡರ್ -0.50, ಆಕ್ಸಿಸ್ 180 ಬಂದಿದೆ. ಇಲ್ಲಿ ಅಮ್ಮನವರಿಗೇ 10, 100 ಇದೆ. ಇಷ್ಟು ಚಿಕ್ಕ ವಯಸ್ಸಿಗೆ 180 ಅಂದರೆ ತುಂಬಾ ಜಾಸ್ತಿ ಅಲ್ವಾ? ಮನೆಯಲ್ಲಿ ಎಲ್ಲರೂ ಮೊಬೈಲ್ ಕಿತ್ತುಕೊಂಡು ಬೈತಿದ್ದಾರೆ.

ಲೆನ್ಸ್_ಮತ್ತು_ಫ್ರೇಮ್

ತಮ್ಮಾ, 180 ಅನ್ನುವುದು ಪವರ್ ಅಲ್ಲ, ದಿಕ್ಕು. ಹೆಂಚಿನ ಉದ್ದ ಸರಿಯಾಗಿ ಅಡ್ಡಕ್ಕೆ ಇದೆ ಅಂತ ಅರ್ಥ. ಅದರಲ್ಲಿ ಜಾಸ್ತಿ ಕಡಿಮೆ ಅನ್ನುವುದೇ ಇಲ್ಲ. 180 ಅಂದರೂ ಸೊನ್ನೆ ಅಂದರೂ ಒಂದೇ ಗೆರೆ. ಬರೆಯುವಾಗ ಸೊನ್ನೆ ಬದಲು 180 ಅಂತ ಬರೆಯುತ್ತೇವೆ. ತಂಗಿಯ ಸಿಲಿಂಡರ್ ಬರೀ ಅರ್ಧ ಪಾಯಿಂಟ್, ಸಣ್ಣದು. ಮನೆಯಲ್ಲಿ ಇದನ್ನು ತೋರಿಸಿ.

ಈ ಡಿಗ್ರಿಯನ್ನು ಪರೀಕ್ಷೆ ಮಾಡುವವರ ಕಡೆಯಿಂದ ಎಣಿಸುತ್ತೇವೆ. ಅವರು ಎದುರು ಕೂತು ನೋಡುವಾಗ ಅವರ ಬಲಗೈ ಕಡೆ ಸೊನ್ನೆ, ನೇರ ಮೇಲಕ್ಕೆ 90, ಎಡಗೈ ಕಡೆ 180. ಎರಡೂ ಕಣ್ಣಿಗೆ ಅದೇ ಲೆಕ್ಕ. ಹಾಗಾಗಿ ಕನ್ನಡಕ ಹಾಕಿಕೊಂಡವರ ಬಲಗಣ್ಣಿನಲ್ಲಿ ಸೊನ್ನೆ ಮೂಗಿನ ಕಡೆ ಬರುತ್ತೆ, ಎಡಗಣ್ಣಿನಲ್ಲಿ ಕಿವಿ ಕಡೆ ಬರುತ್ತೆ.

ಕೊಪ್ಪದ_ತೋಟ

ಪ್ಲಸ್ ಮೈನಸ್ ಮಾತು ಬಂದದ್ದಕ್ಕೆ ನಮ್ಮ ಅಪ್ಪನ ವಿಷಯ ಹೇಳ್ತೀನಿ. 72 ವರ್ಷ. ಅಪ್ಪನಿಗೆ ಮೊದಲು ದೂರಕ್ಕೆ +1.00 ಇತ್ತು, ಓದಲು ಚಾಳೀಸು ಬೇಕೇ ಬೇಕಿತ್ತು. ಈ ವರ್ಷ ತಾನಾಗಿಯೇ ಕನ್ನಡಕ ಇಲ್ಲದೆ ಪಂಚಾಂಗ ಓದ್ತಾರೆ. ಮೊನ್ನೆ ಪರೀಕ್ಷೆ ಮಾಡಿಸಿದರೆ -1.25 ಬಂತು. ಪ್ಲಸ್ ಇಳಿದು ಮೈನಸ್ ಆಗಿದೆ. ಅಂದರೆ ಕಣ್ಣು ಸುಧಾರಿಸಿದೆ ಅಂತ ಖುಷಿಪಟ್ಟಿದ್ದೇವೆ. ದಿನಾ ಬೆಳಿಗ್ಗೆ ನೆಲ್ಲಿಕಾಯಿ ತಿನ್ನುತ್ತಾರೆ, ಅದರಿಂದಲೇ ಇರಬೇಕು. ಮಲ್ಲಿಗೆಯವರ ತಾಯಿಗೂ ಕೊಡಿ.

ಅಂದಹಾಗೆ ಇದೂ ನೀವು ಹೇಳಿದ ಹಾಗೆ ಬರೆಯುವ ರೀತಿ ಬದಲಾದದ್ದೇ ಇರಬಹುದಾ?

ಲೆನ್ಸ್_ಮತ್ತು_ಫ್ರೇಮ್

ಇಲ್ಲ ಸರ್, ಇದು ಬೇರೆ. ಬರೆಯುವ ರೀತಿ ಬದಲಾದರೆ ಸಿಲಿಂಡರ್ ಅಂಕಿ ಅಷ್ಟೇ ಇದ್ದು ಚಿಹ್ನೆ ತಿರುಗಬೇಕು, ಆಕ್ಸಿಸ್ 90 ಸರಿಯಬೇಕು. ನಿಮ್ಮ ತಂದೆಯವರಲ್ಲಿ ಸ್ಫಿಯರ್ ನಿಜವಾಗಿಯೂ ಎರಡು ಪಾಯಿಂಟಿಗಿಂತ ಜಾಸ್ತಿ ಮೈನಸ್ ಕಡೆಗೆ ಸರಿದಿದೆ. ಈ ವಯಸ್ಸಿನಲ್ಲಿ ಹೀಗಾದರೆ ಮೊದಲು ಅನುಮಾನ ಪಡಬೇಕಾದದ್ದು ಪೊರೆ. ಕಣ್ಣೊಳಗಿನ ಲೆನ್ಸಿನ ನಡುಭಾಗ ಗಟ್ಟಿಯಾಗುತ್ತಾ ಬಂದಾಗ ಅದರ ಪವರ್ ಏರುತ್ತೆ. ಆಗ ಹತ್ತಿರದ್ದು ಕನ್ನಡಕ ಇಲ್ಲದೆ ಕಾಣುತ್ತೆ, ದೂರದ್ದು ಮಸುಕಾಗುತ್ತೆ. ಕಣ್ಣು ಸುಧಾರಿಸಿದೆ ಅಂತ ಇದಕ್ಕೆ ಅರ್ಥವಲ್ಲ. ಸಕ್ಕರೆ ಕಾಯಿಲೆ ಇದ್ದು ಸಕ್ಕರೆ ಏರಿದ್ದರೂ ನಂಬರ್ ಹೀಗೆ ಮೈನಸ್ ಕಡೆ ಸರಿಯಬಹುದು. ಸಕ್ಕರೆ ಹಿಡಿತಕ್ಕೆ ಬಂದ ಮೇಲೆ ಮತ್ತೆ ಬದಲಾಗುತ್ತೆ. ಅಂಥ ಹೊತ್ತಿನಲ್ಲಿ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ.

ಚಿಹ್ನೆ ಬದಲಾಗಿರುವುದೇ ಸೂಚನೆ. ಕಣ್ಣಿನ ಡಾಕ್ಟರ ಹತ್ತಿರ ಪೊರೆ ನೋಡಿಸಿ, ರಕ್ತದ ಸಕ್ಕರೆಯನ್ನೂ ನೋಡಿಸಿ.

ಕೊಪ್ಪದ_ತೋಟ

ಸಕ್ಕರೆ ಕಾಯಿಲೆ ಇದೆ. ಎರಡು ತಿಂಗಳಿಂದ ನೋಡಿಸಿಲ್ಲ. ಈ ವಾರವೇ ಕರೆದುಕೊಂಡು ಹೋಗ್ತೀನಿ.

ಭದ್ರಾವತಿ_ರಾಜು

ಸರ್, ಸುಮ್ನೆ ಒಂದು ಮಾತು. ಚೀಟಿ ಸರಿ ಇದೆ ಒಪ್ಪಿದೆ. ಆದರೆ ಚೀಟಿಯಲ್ಲಿ ಬರೆದದ್ದನ್ನೇ ಗಾಜಿನಲ್ಲಿ ಹಾಕಿದ್ದಾರೆ ಅಂತ ಹೇಗೆ ನಂಬೋದು? ನಮ್ಮ ದೊಡ್ಡಪ್ಪನ ಕೇಸಿನಲ್ಲಿ ಕಾರ್ಡ್ ಚೆನ್ನಾಗಿತ್ತು, ಲೆನ್ಸ್ ತಪ್ಪಾಗಿತ್ತು.

ಲೆನ್ಸ್_ಮತ್ತು_ಫ್ರೇಮ್

ಈ ಅನುಮಾನ ಸರಿಯಾದದ್ದೇ. ಚಿಹ್ನೆ ತಿರುಗಿಸಿ ಆಕ್ಸಿಸ್ ತಿರುಗಿಸದೆ ಬಿಟ್ಟರೆ ಅದು ಸಣ್ಣ ತಪ್ಪಲ್ಲ. ಸಿಲಿಂಡರಿನ ಆಕ್ಸಿಸ್ 30 ಡಿಗ್ರಿ ತಪ್ಪಿದರೆ ಆ ಸಿಲಿಂಡರ್ ಹಾಕಿಯೂ ಹಾಕದಂತೆ. ಕಣ್ಣಿನಲ್ಲಿದ್ದಷ್ಟೇ ದೋಷ ಇನ್ನೊಂದು ದಿಕ್ಕಿನಲ್ಲಿ ಉಳಿಯುತ್ತೆ. 90 ತಪ್ಪಿದರೆ ದೋಷ ಎರಡರಷ್ಟಾಗುತ್ತೆ. ಮಲ್ಲಿಗೆಯವರ ತಾಯಿಗೆ ಆಗ 1.50 ಬದಲು 3.00 ಸಿಲಿಂಡರಿನಷ್ಟು ಮಸುಕು. ಕನ್ನಡಕ ತೆಗೆದಾಗಲೇ ಚೆನ್ನಾಗಿ ಕಾಣುತ್ತೆ ಅಂತಾರೆ.

ಅಂಗಡಿಯಲ್ಲಿ ಲೆನ್ಸ್‌ಮೀಟರ್ ಅಂತ ಯಂತ್ರ ಇರುತ್ತೆ. ಅದರಲ್ಲಿ ಇಟ್ಟು ಪವರ್ ತೋರಿಸಿ ಅಂತ ಕೇಳಿ, ಎರಡು ನಿಮಿಷದ ಕೆಲಸ. ಅದಕ್ಕೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು.

ಕನ್ನಡಕವನ್ನು ಕೈ ಚಾಚಿ ಮುಂದೆ ಹಿಡಿಯಿರಿ. ಬಲ ಲೆನ್ಸಿನ ಮೇಲ್ಭಾಗದಿಂದ, ಕೆಳಗಿನ ಓದುವ ಭಾಗದಿಂದ ಅಲ್ಲ, ಎದುರಿನ ಕಿಟಕಿಯ ನೆಟ್ಟಗಿನ ಸರಳನ್ನು ನೋಡಿ. ಕನ್ನಡಕವನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ಸರಿಸಿ. ಲೆನ್ಸಿನೊಳಗಿನ ಸರಳು ಕನ್ನಡಕ ಹೋದ ಕಡೆಗೇ ಹೋದರೆ ಆ ದಿಕ್ಕಿನಲ್ಲಿ ಮೈನಸ್. ಎದುರು ದಿಕ್ಕಿಗೆ ಹೋದರೆ ಪ್ಲಸ್. ಆಮೇಲೆ ಕಿಟಕಿಯ ಅಡ್ಡ ಪಟ್ಟಿ ನೋಡುತ್ತಾ ಮೇಲೆ ಕೆಳಗೆ ಸರಿಸಿ. ನಿಮ್ಮ ತಾಯಿಯ ಬಲ ಲೆನ್ಸಿನಲ್ಲಿ ಎಡಬಲ ಸರಿಸಿದಾಗ ಜೊತೆಗೇ ಹೋಗಬೇಕು. ಮೇಲೆ ಕೆಳಗೆ ಸರಿಸಿದಾಗ ಸ್ವಲ್ಪವೇ, ಎದುರು ದಿಕ್ಕಿಗೆ ಹೋಗಬೇಕು. ಅರ್ಧ ಪಾಯಿಂಟ್ ಆದ್ದರಿಂದ ಗಮನ ಇಟ್ಟು ನೋಡಬೇಕು.

ಇದು ಉಲ್ಟಾ ಕಂಡರೆ ಆಕ್ಸಿಸ್ ತಿರುಗಿಸಿಲ್ಲ. ಎರಡೂ ಕಡೆ ಜೊತೆಗೇ ಹೋದರೆ ಕೂಡುವ ಹೆಜ್ಜೆ ಬಿಟ್ಟಿದ್ದಾರೆ. -1.00ನ್ನು ಹಾಗೇ ಇಟ್ಟು -1.50 ಹಾಕಿದ್ದಾರೆ ಅಂತ ಅರ್ಥ.

ಇನ್ನೊಂದು ಆಟ. ಅದೇ ಸರಳು ನೋಡುತ್ತಾ ಕನ್ನಡಕವನ್ನು ಸ್ಟಿಯರಿಂಗ್ ತಿರುಗಿಸುವಂತೆ ತಿರುಗಿಸಿ. ಲೆನ್ಸಿನೊಳಗಿನ ಸರಳು ಓರೆಯಾಗುತ್ತೆ. ಸಿಲಿಂಡರ್ ಇಲ್ಲದ ರೆಡಿಮೇಡ್ ಕನ್ನಡಕದಲ್ಲಿ ಎಷ್ಟು ತಿರುಗಿಸಿದರೂ ಓರೆಯಾಗಲ್ಲ. ಹಳೆಯದು ಇದ್ದರೆ ಎರಡನ್ನೂ ಹಿಡಿದು ನೋಡಿ.

ಈ ಪರೀಕ್ಷೆಯಲ್ಲಿ ದೊಡ್ಡ ತಪ್ಪು ಮಾತ್ರ ಸಿಗುತ್ತೆ. ಐದಾರು ಡಿಗ್ರಿ ವ್ಯತ್ಯಾಸ ಕೈಯಲ್ಲಿ ಗೊತ್ತಾಗಲ್ಲ. ಅದಕ್ಕೆ ಯಂತ್ರವೇ ಬೇಕು.

ಸಾಗರದ_ಮಲ್ಲಿಗೆ

ಈಗಷ್ಟೇ ಮಾಡಿದೆ. ಎಡಬಲಕ್ಕೆ ಜೊತೆಗೇ ಹೋಗುತ್ತೆ, ಸ್ಪಷ್ಟವಾಗಿ ಕಂಡಿತು. ಮೇಲೆ ಕೆಳಗೆ ಸರಿಸಿದರೆ ಚೂರೇ ಚೂರು, ಎದುರಿಗೆ. ತಿರುಗಿಸಿದರೆ ಸರಳು ಓರೆಯಾಯಿತು. ಜಾತ್ರೆಯ ಕನ್ನಡಕದಲ್ಲಿ ಸರಳು ಅಲ್ಲಾಡಲಿಲ್ಲ. ಅಮ್ಮನೂ ಪಕ್ಕ ಕೂತು ನೋಡಿದರು. ನಾಳೆ ಅಂಗಡಿಗೆ ಹೋಗಿ ಯಂತ್ರದಲ್ಲೂ ನೋಡಿಸ್ತೀನಿ.

ತುಂಗಾತೀರದ_ಮೇಷ್ಟ್ರು

ಒಂದು ಪ್ರಶ್ನೆ ಉಳಿದಿದೆ ಲೆನ್ಸ್ ಅವರೇ. ಎರಡು ರೀತಿ ಯಾಕೆ ಬೇಕು? ಎಲ್ಲರೂ ಒಂದೇ ರೀತಿ ಬರೆದರೆ ಈ ಗಾಬರಿಯೇ ಇರುತ್ತಿರಲಿಲ್ಲ.

ಲೆನ್ಸ್_ಮತ್ತು_ಫ್ರೇಮ್

ಕಲಿತ ರೂಢಿ ಮೇಷ್ಟ್ರೇ. ಕಣ್ಣಿನ ಡಾಕ್ಟರುಗಳಲ್ಲಿ ಹಲವರು ಪ್ಲಸ್ ಸಿಲಿಂಡರಿನಲ್ಲಿ ಪರೀಕ್ಷೆ ಮಾಡುವುದನ್ನು ಕಲಿತಿರುತ್ತಾರೆ, ಹಾಗೇ ಬರೆಯುತ್ತಾರೆ. ನಾವು ಆಪ್ಟೊಮೆಟ್ರಿಸ್ಟ್‌ಗಳು ಹೆಚ್ಚಾಗಿ ಮೈನಸ್ ಬಳಸುತ್ತೇವೆ. ಈಗಿನ ಲೆನ್ಸುಗಳಲ್ಲಿ ಸಿಲಿಂಡರನ್ನು ಸಾಮಾನ್ಯವಾಗಿ ಹಿಂಭಾಗಕ್ಕೆ, ಕಣ್ಣಿನ ಕಡೆಯ ಮೈಗೆ ಕೊರೆಯುತ್ತಾರೆ. ಆದ್ದರಿಂದ ಲೆನ್ಸ್ ಆರ್ಡರ್ ಮಾಡುವವರಿಗೂ ಮೈನಸ್ ಅನುಕೂಲ. ಎಲ್ಲರೂ ಒಂದಕ್ಕೇ ಬರಬೇಕು ಅನ್ನುವುದು ನನ್ನ ಆಸೆಯೂ ಹೌದು. ಆದರೆ ಪ್ಲಸ್‌ನಲ್ಲಿ ಪಳಗಿದ ಕೈ ಅಷ್ಟು ಸುಲಭಕ್ಕೆ ಬದಲಾಗಲ್ಲ. ಕಡೇಪಕ್ಷ ಕಾರ್ಡಿನ ಮೇಲೆ "ಮೈನಸ್ ಸಿಲಿಂಡರ್‌ಗೆ ಬದಲಿಸಿದೆ" ಅಂತ ಒಂದು ಸಾಲು ಬರೆದರೆ ಎಷ್ಟೋ ಉಪಕಾರ.

ಭದ್ರಾವತಿ_ರಾಜು

ಡಾಕ್ಟರೇ ಎರಡೂ ರೀತಿ ಬರೆದುಕೊಟ್ಟರೆ ಆಯ್ತಲ್ಲ?

ಲೆನ್ಸ್_ಮತ್ತು_ಫ್ರೇಮ್

ಅದು ಬೇಡ ರಾಜು. ಎರಡು ಸಾಲು ಇದ್ದರೆ ಒಂದರಿಂದ ಸ್ಫಿಯರ್, ಇನ್ನೊಂದರಿಂದ ಸಿಲಿಂಡರ್ ತೆಗೆದುಕೊಳ್ಳುವವರೂ ಇರುತ್ತಾರೆ. ಒಂದೇ ಸಾಲು ಇರಲಿ.

ಸಾಗರದ_ಮಲ್ಲಿಗೆ

ಅಂಗಡಿಗೆ ಹೋಗಿ ಬಂದೆ. ಹೇಳಿದ ತಕ್ಷಣ ಯಂತ್ರದಲ್ಲಿ ಇಟ್ಟು ತೋರಿಸಿದರು. ಬಲ +0.50, -1.50, 102. ಎಡ +0.25, -0.75, 80. ಬಲದಲ್ಲಿ 100 ಬದಲು 102 ಬಂತು, ಅದು ಪರವಾಗಿಲ್ವಾ?

ಇನ್ನು ಅಮ್ಮನ ಮೆಟ್ಟಿಲಿನ ಸಮಸ್ಯೆ ಹಾಗೇ ಇದೆ. ನಂಬರ್ ಸರಿ ಇದ್ದೂ ಯಾಕೆ ಹೀಗೆ?

ಲೆನ್ಸ್_ಮತ್ತು_ಫ್ರೇಮ್

1.50 ಸಿಲಿಂಡರಿಗೆ ಎರಡು ಡಿಗ್ರಿ ಅಂದರೆ ಉಳಿಯುವ ದೋಷ 0.10ರ ಸುಮಾರು. ನಾವು ಪವರ್ ಅಳೆಯುವುದೇ 0.25ರ ಹೆಜ್ಜೆಯಲ್ಲಿ. ತಾಯಿಗೆ ಅದು ಗೊತ್ತಾಗಲ್ಲ. ಕನ್ನಡಕ ಸರಿ ಇದೆ.

ಮೆಟ್ಟಿಲಿಗೆ ಎರಡು ಕಾರಣ ಇರಬಹುದು, ಎರಡೂ ಬೇರೆ ಬೇರೆ. ಬೈಫೋಕಲ್‌ನ ಕೆಳಭಾಗ ಓದುವ ದೂರಕ್ಕೆ ಮಾಡಿದ್ದು, ಸುಮಾರು 40 ಸೆಂಟಿಮೀಟರಿಗೆ. ಮೆಟ್ಟಿಲು ಇರುವುದು ಅದರ ಮೂರ್ನಾಲ್ಕು ಪಟ್ಟು ದೂರದಲ್ಲಿ. ಕಣ್ಣು ಮಾತ್ರ ಕೆಳಗೆ ಮಾಡಿ ನೋಡಿದರೆ ಆ ಭಾಗದಿಂದ ಮೆಟ್ಟಿಲು ಮಸುಕಾಗುತ್ತೆ. ಇನ್ನೊಂದು ಕಾರಣ ಸಿಲಿಂಡರ್. ಅವರು ಜೀವನದಲ್ಲಿ ಮೊದಲ ಸಲ ಸಿಲಿಂಡರ್ ಹಾಕುತ್ತಿದ್ದಾರೆ. ಒಂದೊಂದು ದಿಕ್ಕಿನಲ್ಲಿ ಒಂದೊಂದು ಪವರ್ ಇರುವುದರಿಂದ ನೆಲ ಓರೆಯಾದಂತೆ, ಎದ್ದು ಬಂದಂತೆ ಕಾಣಬಹುದು.

ಯಾವುದು ಅಂತ ಹೀಗೆ ನೋಡಿ. ಮೆಟ್ಟಿಲ ಮೇಲೆ ಬೇಡ, ಅಂಗಳದಲ್ಲಿ ನಿಲ್ಲಿಸಿ. ಗಲ್ಲವನ್ನು ಎದೆ ಕಡೆಗೆ ಇಳಿಸಿ, ಕನ್ನಡಕದ ಮೇಲ್ಭಾಗದಿಂದಲೇ ಕಾಲ ಬುಡ ನೋಡಲು ಹೇಳಿ. ಸ್ಪಷ್ಟವಾದರೆ ಅದು ಬೈಫೋಕಲ್ಲಿನ ಮಸುಕು. ಸ್ಪಷ್ಟವಾಗಿಯೂ ಓರೆ ಕಂಡರೆ ಸಿಲಿಂಡರ್.

ಸಾಗರದ_ಮಲ್ಲಿಗೆ

ಎರಡೂ ಇದೆ! ಗಲ್ಲ ಇಳಿಸಿದರೆ ಮಸುಕು ಹೋಯಿತು. ಆದರೆ ಅಂಗಳದ ಕಲ್ಲು ಬಲಕ್ಕೆ ವಾಲಿದ ಹಾಗೆ ಕಾಣುತ್ತೆ ಅಂತಾರೆ. ಮೊದಲಿಗಿಂತ ಕಡಿಮೆ ಅಂತಲೂ ಅಂದರು.

ಲೆನ್ಸ್_ಮತ್ತು_ಫ್ರೇಮ್

ಕಡಿಮೆಯಾಗುತ್ತಿದ್ದರೆ ಒಳ್ಳೆಯದು. ಒಂದೆರಡು ವಾರ ಮನೆಯೊಳಗೆ, ಕೂತಲ್ಲಿ, ಪೂರ್ತಿ ಹೊತ್ತು ಹಾಕಿಕೊಳ್ಳಲಿ. ಹಾಕಿ ತೆಗೆದು ಮಾಡಿದರೆ ರೂಢಿಯಾಗಲು ತಡವಾಗುತ್ತೆ. ಅಲ್ಲಿಯ ತನಕ ಮೆಟ್ಟಿಲಿಳಿಯುವಾಗ ಯಾರಾದರೂ ಕೈ ಹಿಡಿಯಿರಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೋಟದ ದಾರಿಗೆ ಈ ಕನ್ನಡಕದಲ್ಲಿ ಸದ್ಯಕ್ಕೆ ಬೇಡ.

ಕೊಪ್ಪದ_ತೋಟ

ನಮ್ಮ ಮನೆಯವರಿಗೆ ಆ ವಾಲುವಿಕೆ ಹೋಗಲೇ ಇಲ್ಲ. ತಿಂಗಳುಗಟ್ಟಲೆ ನೋಡಿ, ಕೊನೆಗೆ ಡಾಕ್ಟರು ಸಿಲಿಂಡರ್ ಸ್ವಲ್ಪ ಕಡಿಮೆ ಮಾಡಿ ಬರೆದುಕೊಟ್ಟರು. ಆಮೇಲೆ ಸರಿಹೋಯಿತು. ಮೊದಲೇ ಕಡಿಮೆ ಹಾಕಿಸಿಕೊಳ್ಳಿ ಅಂತ ನನ್ನ ಸಲಹೆ.

ಲೆನ್ಸ್_ಮತ್ತು_ಫ್ರೇಮ್

ಹಾಗೂ ಮಾಡುವುದುಂಟು. ಆದರೆ ಕಡಿಮೆ ಮಾಡಿದಷ್ಟು ಅಕ್ಷರದ ಚೂಪು ಕಡಿಮೆಯಾಗುತ್ತೆ. ಮೇಲಾಗಿ ಸಿಲಿಂಡರ್ ಇಳಿಸಿದರೆ ಸ್ಫಿಯರನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಅಂಗಡಿಯಲ್ಲಿ ಬಾಯಿಮಾತಿಗೆ ಮಾಡಿಸುವ ಕೆಲಸ ಅಲ್ಲ ಅದು. ನಾನಾದರೆ ಮೊದಲು ಪೂರ್ತಿ ಪವರ್ ಹಾಕಿ ಎರಡು ವಾರ ನೋಡುತ್ತೇನೆ.

ಕೊಪ್ಪದ_ತೋಟ

61 ವರ್ಷದವರು ಎರಡು ವಾರ ವಾಲಿದ ನೆಲದ ಮೇಲೆ ನಡೆಯಬೇಕಾ? ನನಗೆ ಒಪ್ಪಿಗೆ ಇಲ್ಲ. ಬಿದ್ದರೆ ಯಾರು ಹೊಣೆ?

ಸಾಗರದ_ಮಲ್ಲಿಗೆ

ಇಬ್ಬರ ಮಾತೂ ಅಮ್ಮನಿಗೆ ಓದಿ ಹೇಳಿದೆ. ದೂರದ್ದು ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ಪವರ್ ಕಡಿಮೆ ಮಾಡಿಸುವುದು ಬೇಡ ಅಂತಾರೆ. ಮುಂದಿನ ತಿಂಗಳು ಹೇಗೂ ಶಿವಮೊಗ್ಗಕ್ಕೆ ಹೋಗುವುದಿದೆ. ಆಗಲೂ ನೆಲ ವಾಲುತ್ತಿದ್ದರೆ ಚೀಟಿ, ಕಾರ್ಡ್, ಕನ್ನಡಕ ಮೂರನ್ನೂ ಡಾಕ್ಟರ ಮುಂದೆ ಇಟ್ಟು ಕೇಳ್ತೀನಿ. ಓದಲು ಮತ್ತು ದೂರಕ್ಕೆ ಬೇರೆ ಬೇರೆ ಕನ್ನಡಕ ಮಾಡಿಸಿದರೆ ಮೆಟ್ಟಿಲಿಗೆ ಅನುಕೂಲ ಆಗುತ್ತಾ? ಗೊತ್ತಿರುವವರು ಹೇಳಿ.

ಹೊಸನಗರದ_ಹುಡುಗ

ನಮ್ಮ ಅಜ್ಜಿ ಹಾಗೇ ಮಾಡಿಸಿದ್ದಾರೆ ಅಕ್ಕ. ನಡೆಯಲು ಒಂದು, ಓದಲು ಒಂದು. ಮೆಟ್ಟಿಲು ಆರಾಮಾಗಿ ಇಳಿತಾರೆ. ಆದರೆ ಓದುವುದನ್ನು ದಿನಾ ಹುಡುಕಿಕೊಡಬೇಕು.

ಲೆನ್ಸ್_ಮತ್ತು_ಫ್ರೇಮ್

ಮಸುಕಿನ ತೊಂದರೆಗೆ ಅದು ಒಳ್ಳೆಯ ದಾರಿ. ವಾಲುವುದಕ್ಕೆ ಅದರಿಂದ ಏನೂ ಆಗಲ್ಲ, ಎರಡು ಕನ್ನಡಕದಲ್ಲೂ ಅದೇ ಸಿಲಿಂಡರ್ ಇರುತ್ತೆ. ಹಾಗೆ ಮಾಡಿಸುವುದಾದರೆ ದೂರದ್ದಕ್ಕೆ ಕಾರ್ಡಿನ ಮೇಲಿನ ಎರಡು ಸಾಲು, ಓದುವುದಕ್ಕೆ ಕೆಳಗಿನ ಎರಡು ಸಾಲು. ಆಗ +2.75 ಅನ್ನುವುದು ಒಟ್ಟು ಪವರ್, ಆ್ಯಡ್ ಅಲ್ಲ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ.